ದಿನದ ಹೆಜ್ಜೆ ಗುರಿ, ಮೂರು ಹೊತ್ತಿನ ಲೆಕ್ಕ, ವಾರಕ್ಕೊಂದು ರಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಮ್ಮ ಮನೆಯವರು, ಬೀದಿಯವರು ಸೇರಿ ಹನ್ನೊಂದು ಜನ ಒಂದು ಲೆಕ್ಕ ಇಟ್ಟುಕೊಂಡು ನಡೆಯುತ್ತಿದ್ದೇವೆ. ದಿನಕ್ಕೊಂದು ಗುರಿ. ಬೆಳಿಗ್ಗೆ 10:30, ಮಧ್ಯಾಹ್ನ 3:30, ಸಂಜೆ 6:30ಕ್ಕೆ ಫೋನಿನಲ್ಲೋ ಕೈಗೆ ಕಟ್ಟುವ ಬ್ಯಾಂಡ್‌ನಲ್ಲೋ ಎಷ್ಟು ಹೆಜ್ಜೆ ಆಯಿತು ಅಂತ ನೋಡುವುದು. ಹಿಂದೆ ಬಿದ್ದಿದ್ದರೆ ಒಂದು ಚಿಕ್ಕ ಎಚ್ಚರಿಕೆ ಬರುತ್ತದೆ, ಅದಕ್ಕೆ ನಾವು ಇಟ್ಟ ಹೆಸರು ‘ತಿವಿತ’. ವಾರಕ್ಕೆ ಒಂದು ದಿನ ರಜೆ. ಹೊಸಬರು ಬಂದಾಗಲೆಲ್ಲ ಅದೇ ಪ್ರಶ್ನೆಗಳು, ನಾನು ಅದೇ ಉತ್ತರ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಹಾಗಾಗಿ ಬರೆದಿಟ್ಟೆ. ನಾನು ಡಾಕ್ಟರ್ ಅಲ್ಲ, ಲೆಕ್ಕಪತ್ರ ಬರೆಯುವವನು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಗುರಿ ಹತ್ತು ಸಾವಿರ ಯಾಕಲ್ಲ? ಎಲ್ಲರೂ ಅದನ್ನೇ ಹೇಳ್ತಾರಲ್ಲ?

ಆ ಹತ್ತು ಸಾವಿರ ಬಂದದ್ದು ಜಪಾನಿನ ಒಂದು ಯಂತ್ರದ ಹೆಸರಿನಿಂದ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಅಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಕೆ ಯಂತ್ರವೊಂದು ಮಾರಾಟಕ್ಕೆ ಬಂತು. ‘ಮಾನ್ಪೊ-ಕೆಯ್’ ಅಂತ ಹೆಸರು, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಹೇಳಲು ಚೆನ್ನಾಗಿತ್ತು, ನಿಂತುಬಿಟ್ಟಿತು.

ಆಮೇಲೆ ನಿಜವಾಗಿ ಎಣಿಸಿ ನೋಡಿದವರೂ ಇದ್ದಾರೆ. 2019ರಲ್ಲಿ ಅಮೆರಿಕದಲ್ಲಿ ಸುಮಾರು ಹದಿನೇಳು ಸಾವಿರ ವಯಸ್ಸಾದ ಹೆಂಗಸರ ಲೆಕ್ಕ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆಯ ಆಸುಪಾಸು ಇದ್ದವರಿಗಿಂತ 4,400ರ ಆಸುಪಾಸು ಇದ್ದವರಲ್ಲಿ ಸಾವು ಗಣನೀಯವಾಗಿ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಇಂಥ ಹದಿನೈದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅರವತ್ತು ದಾಟಿದವರಿಗೆ ಆರರಿಂದ ಎಂಟು ಸಾವಿರದ ಹತ್ತಿರ, ಅದಕ್ಕಿಂತ ಚಿಕ್ಕವರಿಗೆ ಎಂಟರಿಂದ ಹತ್ತು ಸಾವಿರದ ಹತ್ತಿರ ಲಾಭ ನಿಲ್ಲುತ್ತಾ ಬರುತ್ತದೆ ಅಂತ ಕಂಡಿತು. ಒಂದು ಮಾತು: ಆರೋಗ್ಯ ಗಟ್ಟಿ ಇದ್ದವರೇ ಜಾಸ್ತಿ ನಡೆದಿರಲೂಬಹುದು. ಹಾಗಾಗಿ ಇದನ್ನು ಮಾತ್ರೆಯ ಲೆಕ್ಕದ ಹಾಗೆ ಓದಬಾರದು.

ನಮ್ಮ ಗುಂಪಿನ ಮಟ್ಟಿಗೆ 7,500 ಮೇಲಿನ ಮಿತಿ. ಅದಕ್ಕಿಂತ ಜಾಸ್ತಿ ನಡೆಯಬೇಡಿ ಅಂತಲ್ಲ, ಗುರಿ ಅಂತ ಬರೆದುಕೊಳ್ಳಬೇಡಿ ಅಷ್ಟೇ.

ಹಾಗಾದ್ರೆ ನನ್ನ ಗುರಿ ಎಷ್ಟು?

ಮೊದಲ ಹದಿನಾಲ್ಕು ದಿನ ಗುರಿಯೇ ಇಲ್ಲ. ಸುಮ್ನೆ ಯಾವತ್ತಿನ ಹಾಗೆ ಓಡಾಡಿಕೊಂಡಿರಿ. ರಾತ್ರಿ ಮಲಗುವ ಮುಂಚೆ ಒಂದು ಅಂಕಿ ಬರೆಯಿರಿ. ಆಮೇಲೆ ಹದಿನಾಲ್ಕು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಏಳನೆಯದು ಮತ್ತು ಎಂಟನೆಯದರ ನಡುವೆ ಏನಿದೆ ನೋಡಿ. ಅದು ನಿಮ್ಮ ನಿಜವಾದ ದಿನ.

ಸರಾಸರಿ ಯಾಕೆ ಬೇಡ ಅಂದರೆ, ಒಂದು ಮದುವೆಮನೆ ಸಾಕು ಅದನ್ನು ಕೆಡಿಸಲು. ನಮ್ಮ ಅತ್ತಿಗೆಯ ಲೆಕ್ಕವನ್ನೇ ನೋಡಿ. ಅವರಿಗೆ 54 ವರ್ಷ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹದಿನಾಲ್ಕು ದಿನದಲ್ಲಿ ತೀರಾ ಕಡಿಮೆ ಆದ ದಿನ 2,300. ತಂಗಿ ಮಗಳ ಮದುವೆಯ ದಿನ 9,100. ನಡುವಿನ ಅಂಕಿ 4,000. ಮದುವೆ ದಿನ ಛತ್ರದಲ್ಲಿ ಊಟದ ಹಾಲ್‌ಗೂ ಮಂಟಪಕ್ಕೂ ಓಡಾಡಿದ್ದು ಅವರ ಮಾಮೂಲಿ ಅಲ್ಲವಲ್ಲ.

ಆ ನಡುವಿನ ಅಂಕಿಗೆ ಒಂದು ಸಾವಿರ ಸೇರಿಸಿ ಎರಡು ವಾರ ಇರಿ. ವಾರದಲ್ಲಿ ಐದು ದಿನವಾದರೂ ಮುಟ್ಟಿದರೆ ಇನ್ನೊಂದು ಸಾವಿರ. ಮುಟ್ಟದಿದ್ದರೆ ಅಲ್ಲೇ ಇನ್ನೆರಡು ವಾರ. ಅತ್ತಿಗೆ 5,000ದಿಂದ ಶುರು ಮಾಡಿ ಈಗ 6,000ದಲ್ಲಿದ್ದಾರೆ. ಸಾವಿರ ಹೆಜ್ಜೆ ಅಂದರೆ ಸ್ವಲ್ಪ ಚುರುಕಾಗಿ ನಡೆದರೆ ಹತ್ತು ನಿಮಿಷ.

ದಿನದ ಕೊನೆಗೆ ಒಂದು ಸಲ ನೋಡಿದ್ರೆ ಸಾಲದಾ? ಮೂರು ಹೊತ್ತು ಯಾಕೆ?

ರಾತ್ರಿ ಒಂಬತ್ತಕ್ಕೆ ಎರಡು ಸಾವಿರ ಕಡಿಮೆ ಇದೆ ಅಂತ ಗೊತ್ತಾದರೆ ಏನು ಮಾಡುತ್ತೀರಿ? ಬೀದಿನಾಯಿ ನೋಡಿಕೊಂಡು ಹೊರಗೆ ಹೋಗುತ್ತೀರಿ, ಇಲ್ಲಾ ಬಿಟ್ಟುಬಿಡುತ್ತೀರಿ. ಎರಡೂ ಬೇಡ.

ಹೊತ್ತು ಆರಿಸುವಾಗ ಒಂದೇ ಲೆಕ್ಕ ಇಟ್ಟುಕೊಳ್ಳಿ. ನೋಡಿದ ಮೇಲೆ ಎದ್ದು ನಡೆಯಲು ಜಾಗ ಇರಬೇಕು. ಮೊದಲು ನಾವು ಎಂಟು, ಹನ್ನೆರಡು, ನಾಲ್ಕು, ಎಂಟು ಅಂತ ಚೊಕ್ಕವಾಗಿ ಇಟ್ಟುಕೊಂಡಿದ್ದೆವು. ಬೆಳಿಗ್ಗೆ ಎಂಟಕ್ಕೆ ಮಕ್ಕಳ ಡಬ್ಬಿ, ಹನ್ನೆರಡಕ್ಕೆ ಅಡುಗೆ, ರಾತ್ರಿ ಎಂಟಕ್ಕೂ ಅಡುಗೆ. “ಅನ್ನ ಉಕ್ಕೋ ಹೊತ್ತಿಗೇ ಸರಿಯಾಗಿ ನಿನ್ನ ಮೆಸೇಜ್ ಬರುತ್ತೆ ನೋಡು” ಅಂತ ಅತ್ತಿಗೆ ಬೈದ ಮೇಲೆ ಬದಲಾಯಿಸಿದೆ. 10:30ಕ್ಕೆ ಬೆಳಗಿನ ಗಡಿಬಿಡಿ ಮುಗಿದಿರುತ್ತದೆ. 3:30ಕ್ಕೆ ಊಟ ಆಗಿ, ಕಾಫಿಗೆ ಮುಂಚೆ. 6:30 ಆದಮೇಲೂ ರಾತ್ರಿ ಊಟದ ನಂತರದ ನಡಿಗೆ ಬಾಕಿ ಇರುತ್ತದೆ.

ಆ ಕೊನೆಯ ನಡಿಗೆಯನ್ನು ನಾನು ಬೇಕಂತಲೇ ಉಳಿಸಿದ್ದು. ನ್ಯೂಜಿಲೆಂಡಿನಲ್ಲಿ ಸಕ್ಕರೆ ಕಾಯಿಲೆ ಇದ್ದವರ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ದಿನಕ್ಕೊಮ್ಮೆ ಅರ್ಧ ಗಂಟೆ ನಡೆದಾಗಿನದಕ್ಕಿಂತ, ಮೂರು ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ಮೇಲಿನ ಸಕ್ಕರೆ ಕಡಿಮೆ ಇತ್ತು. ರಾತ್ರಿ ಊಟದ ನಂತರ ಆ ವ್ಯತ್ಯಾಸ ಇನ್ನೂ ಜಾಸ್ತಿ. ನಮ್ಮ ಗುಂಪಿನಲ್ಲಿ ನಾಲ್ಕು ಜನಕ್ಕೆ ಸಕ್ಕರೆ ಇದೆ.

ನಿಮ್ಮ ದಿನ ಬೇರೆ ಥರ ಇದ್ದರೆ ಹೊತ್ತು ಬೇರೆ ಇಟ್ಟುಕೊಳ್ಳಿ. ರಾತ್ರಿ ಪಾಳಿ ಮಾಡುವ ಒಬ್ಬರು ಮಧ್ಯಾಹ್ನ ಎರಡು, ಸಂಜೆ ಏಳು, ರಾತ್ರಿ ಹನ್ನೊಂದು ಅಂತ ಇಟ್ಟುಕೊಂಡಿದ್ದಾರೆ. ಒಂದು ಸಲ ಗೊತ್ತುಮಾಡಿದ ಮೇಲೆ ತಿಂಗಳು ಪೂರ್ತಿ ಅದೇ ಇರಲಿ. ದಿನಾ ಹೊತ್ತು ಬದಲಾದರೆ ನಿನ್ನೆಯ 3:30ರ ಅಂಕಿಗೂ ಇವತ್ತಿನದಕ್ಕೂ ಹೋಲಿಕೆಯೇ ಇರುವುದಿಲ್ಲ.

ಯಾವ ಹೊತ್ತಿಗೆ ಎಷ್ಟು ಆಗಿರಬೇಕು? ಮೂರು ಭಾಗ ಮಾಡಿದ್ರೆ ಆಯ್ತಲ್ವಾ?

ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದೆ.

ಗುರಿಯನ್ನು ಗಂಟೆಗೆ ಇಷ್ಟು ಅಂತ ಸಮನಾಗಿ ಹಂಚುವುದು ಸುಲಭ. ಅತ್ತಿಗೆಯ 6,000ವನ್ನು ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗಿನ ಹದಿನೈದು ಗಂಟೆಗೆ ಹಂಚಿದರೆ ಗಂಟೆಗೆ 400. ಆಗ 10:30ಕ್ಕೆ 1,800, 3:30ಕ್ಕೆ 3,800, 6:30ಕ್ಕೆ 5,000 ಆಗಿರಬೇಕು. ಆದರೆ ಮನುಷ್ಯರು ಹಾಗೆ ಸಮನಾಗಿ ನಡೆಯುತ್ತಾರಾ? ಅತ್ತಿಗೆ ಬೆಳಿಗ್ಗೆ ಒಂದು ಸುತ್ತು ಹೋಗಿ, ಹೂವು ತಂದು, ಮನೆಕೆಲಸ ಮುಗಿಸುವಷ್ಟರಲ್ಲಿ ಅರ್ಧಕ್ಕೆ ಹತ್ತಿರ ಬಂದಿರುತ್ತಾರೆ. ಹನ್ನೊಂದರಿಂದ ಮೂರೂವರೆವರೆಗೆ ಹೊಲಿಗೆ ಮಷಿನ್ ಮುಂದೆ. ಆ ಸಮನಾದ ಲೆಕ್ಕ ಬೆಳಿಗ್ಗೆ ಅವರನ್ನು ಸುಮ್ನೆ ಹೊಗಳುತ್ತಿತ್ತು, ಮಧ್ಯಾಹ್ನ ದಿನಾ ಬೈಯುತ್ತಿತ್ತು. ದಿನಾ ಬೈದರೆ ಯಾರು ಕೇಳುತ್ತಾರೆ? ಎರಡನೇ ವಾರಕ್ಕೆ ಅವರು ನನ್ನ ಮೆಸೇಜ್ ತೆರೆದು ನೋಡುವುದನ್ನೇ ಬಿಟ್ಟರು.

ಆಮೇಲೆ ಅವರದೇ ದಿನದಿಂದ ಲೆಕ್ಕ ತೆಗೆದೆವು. ಚೆನ್ನಾಗಿ ನಡೆದ ನಾಲ್ಕು ದಿನ ಆರಿಸಿ, ಆ ದಿನಗಳಲ್ಲಿ ಯಾವ ಹೊತ್ತಿಗೆ ಎಷ್ಟು ಪಾಲು ಮುಗಿದಿತ್ತು ಅಂತ ನೋಡಿದೆವು. ಹೆಚ್ಚಿನ ಆ್ಯಪ್‌ಗಳಲ್ಲಿ ದಿನದ ಗ್ರಾಫ್ ಒತ್ತಿದರೆ ಗಂಟೆ ಗಂಟೆಯ ಅಂಕಿ ಕಾಣುತ್ತದೆ. ಅವರಿಗೆ ಬಂದದ್ದು 10:30ಕ್ಕೆ ನೂರಕ್ಕೆ 40, 3:30ಕ್ಕೆ 55, 6:30ಕ್ಕೆ 80. ಅಂದರೆ 2,400, 3,300, 4,800. ಉಳಿದ 1,200 ರಾತ್ರಿ ಊಟದ ಮೇಲೆ, ಹನ್ನೆರಡು ನಿಮಿಷದ ಕೆಲಸ.

ಈಗ 3:30ಕ್ಕೆ ಅವರು 3,300 ಇದ್ದರೆ ಯಾರೂ ಮಾತಾಡುವುದಿಲ್ಲ. ಹಳೆಯ ಲೆಕ್ಕದಲ್ಲಿ ಅದೇ 3,300 ಅಂದರೆ ಐನೂರು ಹಿಂದೆ.

ತಿವಿತ ಯಾವಾಗ ಬರುತ್ತದೆ? ಏನು ಹೇಳುತ್ತದೆ?

ಆ ಹೊತ್ತಿಗೆ ಆಗಿರಬೇಕಾದದ್ದಕ್ಕಿಂತ ಐನೂರು ಅಥವಾ ಜಾಸ್ತಿ ಕಡಿಮೆ ಇದ್ದರೆ ಮಾತ್ರ. ಅದಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ ಮೌನ. ಮುನ್ನೂರು ಹೆಜ್ಜೆ ಅಂದರೆ ಫೋನನ್ನು ಮೇಜಿನ ಮೇಲೆ ಬಿಟ್ಟು ಬಟ್ಟೆ ಒಣಹಾಕಿ ಬಂದಷ್ಟು.

ತಿವಿತದಲ್ಲಿ ಹೆಜ್ಜೆಯ ಮಾತೇ ಇರುವುದಿಲ್ಲ, ನಿಮಿಷ ಇರುತ್ತದೆ. “ಇನ್ನು 700 ಹೆಜ್ಜೆ” ಅಂದರೆ ಅದು ಎಷ್ಟು ಅಂತ ಯಾರ ತಲೆಗೂ ಹೋಗುವುದಿಲ್ಲ. “ಏಳು ನಿಮಿಷ” ಅಂದರೆ ಹೋಗುತ್ತದೆ. ಸಾಧಾರಣ ಚುರುಕಿನ ನಡಿಗೆಗೆ ನಿಮಿಷಕ್ಕೆ ನೂರು ಹೆಜ್ಜೆ ಅಂತ ಹಿಡಿದಿದ್ದೇವೆ. ದೊಡ್ಡವರ ನಡಿಗೆಯನ್ನು ಅಳೆದವರು ಮಧ್ಯಮ ಶ್ರಮದ ನಡಿಗೆಗೆ ಇಟ್ಟುಕೊಂಡಿರುವ ಅಂದಾಜೂ ಅದೇ. ನಿಮ್ಮದು ಎಷ್ಟು ಅಂತ ಅರ್ಧ ನಿಮಿಷ ಎಣಿಸಿ ನೋಡಿ. ಐವತ್ತರ ಹತ್ತಿರ ಬಂದರೆ ಸರಿ. ಮಂಡಿನೋವು ಇರುವವರಿಗೆ ನಲವತ್ತು ಬರಬಹುದು. ಅವರು ನಿಮಿಷಕ್ಕೆ ಎಂಬತ್ತು ಅಂತ ಹಾಕಿಕೊಂಡರಾಯಿತು.

ಯಾವ ತಿವಿತವೂ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೇಳುವುದಿಲ್ಲ. 6:30 ಆದಮೇಲೆ ತಿವಿತವೇ ಇಲ್ಲ. ಗೂಗಲ್ ಶೀಟ್‌ನಲ್ಲಿ ಇಟ್ಟುಕೊಳ್ಳುವವರಿಗೆ ಸೂತ್ರ ಇದು. ಬಿ ಅಂಕಣದಲ್ಲಿ ಆದ ಹೆಜ್ಜೆ, ಸಿ ಅಂಕಣದಲ್ಲಿ ಆಗಿರಬೇಕಾದ ಹೆಜ್ಜೆ:

```
=IF(C2-B2<500,"",MIN(15,ROUNDUP((C2-B2)/100,0)))
```

ಖಾಲಿ ಬಂದರೆ ಸುಮ್ಮನಿರಿ. ಅಂಕಿ ಬಂದರೆ ಅಷ್ಟು ನಿಮಿಷ.

ಒಂದು ದಿನದ ಲೆಕ್ಕ ತೋರಿಸ್ತೀರಾ?

ಅತ್ತಿಗೆಯ ಒಂದು ಮಂಗಳವಾರ. 10:30ಕ್ಕೆ 2,150. ಆಗಿರಬೇಕಾದದ್ದು 2,400. ಇನ್ನೂರೈವತ್ತು ಕಡಿಮೆ, ಮೌನ. ಆಮೇಲೆ ಯಾರದೋ ಸೀಮಂತದ ಬ್ಲೌಸು ಅರ್ಜೆಂಟು ಅಂತ ಕೂತರು. 3:30ಕ್ಕೆ 2,600. ಏಳುನೂರು ಹಿಂದೆ. “ಏಳು ನಿಮಿಷ” ಅಂತ ಹೋಯಿತು. ಅವರು ಎದ್ದಿದ್ದು ನಾಲ್ಕೂವರೆಗೆ, ಬ್ಲೌಸು ಕೊಟ್ಟು ಬರಲು. ಪಕ್ಕದ ಬೀದಿ ಅಷ್ಟೇ. 6:30ಕ್ಕೆ 3,900, ಅಂದರೆ ಒಂಬೈನೂರು ಹಿಂದೆ. “ಒಂಬತ್ತು ನಿಮಿಷ.” ಹಾಲು ತರಲು ಹತ್ತಿರದ ಅಂಗಡಿ ಬಿಟ್ಟು ಸರ್ಕಲ್‌ವರೆಗೆ ಹೋಗಿ ಬಂದರು. ಊಟ ಆಗಿ ಮಾಮೂಲಿ ಸುತ್ತು. ಮಲಗುವಾಗ 5,750.

ಇದು ಗುರಿ ಮುಟ್ಟಿದ ದಿನ ಅಂತಲೇ ಬರೆದೆವು. ನೂರಕ್ಕೆ ಹತ್ತರವರೆಗೆ ಕಡಿಮೆ ಇದ್ದರೂ ಮುಟ್ಟಿದ ಹಾಗೆ. ಎಣಿಸುವ ಯಂತ್ರವೇ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ನಾವು ಯಾಕೆ ಹೆಜ್ಜೆ ಹೆಜ್ಜೆಗೂ ಜಗಳ ಆಡಬೇಕು?

ಅದೇ ವಾರದ ಶುಕ್ರವಾರ ಬೇರೆ ಕಥೆ. 6:30ಕ್ಕೆ ಬರೀ 2,200. ಎರಡು ಸಾವಿರದ ಆರುನೂರು ಹಿಂದೆ, ಅಂದರೆ ಇಪ್ಪತ್ತಾರು ನಿಮಿಷ. ಆದರೆ ತಿವಿತ ಹೇಳಿದ್ದು ಹದಿನೈದು. ಅಷ್ಟೂ ನಡೆದು, ಊಟದ ಮೇಲಿನ ಸುತ್ತೂ ಹೋದರೆ 4,900ಕ್ಕೆ ನಿಲ್ಲುತ್ತದೆ. ಗುರಿ ತಪ್ಪುತ್ತದೆ ಅಂತ ಆಗಲೇ ಗೊತ್ತು. ಆದರೂ ಹೋದರು, ತಪ್ಪಿತು, ತಪ್ಪಿದ ದಿನ ಅಂತ ಬರೆದೆವು. ಶನಿವಾರದ ಗುರಿ ಅದೇ 6,000.

ತಪ್ಪಿದ ಹೆಜ್ಜೆಯನ್ನು ಮಾರನೇ ದಿನ ಸೇರಿಸಬಾರದಾ? ಲೆಕ್ಕ ಅಂದ್ಮೇಲೆ ಬಾಕಿ ಬಾಕಿಯೇ ಅಲ್ವಾ?

ನಾನೂ ಲೆಕ್ಕದವನೇ, ನನಗೂ ಹಾಗೇ ಅನಿಸಿತ್ತು. ಮೊದಲ ತಿಂಗಳು ಬಾಕಿಯನ್ನು ಮುಂದಕ್ಕೆ ಹಾಕುತ್ತಿದ್ದೆವು. ಬೀದಿಯ ನಿವೃತ್ತ ಹಿರಿಯರೊಬ್ಬರಿಗೆ ನಾಲ್ಕು ದಿನ ಮದುವೆ, ಮಳೆ, ನೆಂಟರು ಅಂತ ಆಗಿ ಹನ್ನೊಂದು ಸಾವಿರ ಬಾಕಿ ನಿಂತಿತು. ಸಾಲ ಅಂದರೆ ಅವರಿಗೆ ಆಗದು. ಭಾನುವಾರ ಒಂದೇ ದಿನ ಹದಿನಾರು ಸಾವಿರ ನಡೆದು ತೀರಿಸಿದರು. ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲಿಟ್ಟರೆ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದ ಹಾಗೆ ನೋವು. ಆರು ವಾರ ಗುಂಪಿಗೆ ಬರಲಿಲ್ಲ. ಬಾಕಿ ತೀರಿತು, ನಡಿಗೆಯೂ ನಿಂತಿತು.

ಅಂದಿನಿಂದ ದಿನದ ಬಾಕಿ ಆ ರಾತ್ರಿಯೇ ವಜಾ. ತಿವಿತ ಕೇಳುವುದೂ ಆ ದಿನದ್ದನ್ನು ಮಾತ್ರ.

ಹಾಗಾದ್ರೆ ಜಾಸ್ತಿ ಆದದ್ದನ್ನು ಉಳಿಸಿಕೊಳ್ಳಬಹುದಾ? ನಿನ್ನೆ ದಸರಾ ವಸ್ತುಪ್ರದರ್ಶನದಲ್ಲಿ 14,000 ಆಗಿದೆ.

ಇಲ್ಲ. ಬಾಕಿ ಇಲ್ಲ ಅಂದಮೇಲೆ ಜಮೆಯೂ ಇಲ್ಲ. ಆದರೆ ಕಾಲು ನೋಯುತ್ತಿದ್ದರೆ ವಾರದ ರಜೆಯನ್ನು ಇವತ್ತಿಗೇ ತೆಗೆದುಕೊಳ್ಳಿ.

ರಜೆಯ ನಿಯಮ ಏನು?

ವಾರಕ್ಕೆ ಒಂದು ದಿನ. ಅವತ್ತು ಗುರಿ ಇಲ್ಲ, ಮೂರು ಹೊತ್ತಿನ ಲೆಕ್ಕ ಇಲ್ಲ, ತಿವಿತ ಇಲ್ಲ. ಫೋನಿನ ಅಲಾರಂ ಕೂಡ ಆಫ್. ಎಷ್ಟು ಹೆಜ್ಜೆ ಆಯಿತು ಅಂತ ಬರೆಯುವುದೂ ಬೇಡ. ಕೋಷ್ಟಕದಲ್ಲಿ ‘ರ’ ಅಂತ ಹಾಕಿ, ಅಷ್ಟೇ. ಸೊನ್ನೆ ಹಾಕಬೇಡಿ. ಸೊನ್ನೆ ನೋಡಿದರೆ ತಪ್ಪು ಮಾಡಿದ ಹಾಗೆ ಅನಿಸುತ್ತದೆ, ಸರಾಸರಿಯೂ ಕೆಡುತ್ತದೆ.

ರಜೆಯನ್ನು ಹಿಂದಿನ ರಾತ್ರಿಯೇ, ತೀರಾ ತಡ ಅಂದರೆ ಆ ದಿನ 10:30ರ ಲೆಕ್ಕಕ್ಕೆ ಮುಂಚೆ ಹೇಳಬೇಕು. ಸಂಜೆ 6:30ಕ್ಕೆ ಎರಡು ಸಾವಿರ ನೋಡಿ “ಇವತ್ತು ನನ್ನ ರಜೆ” ಅನ್ನುವ ಹಾಗಿಲ್ಲ. ಅದು ರಜೆ ಅಲ್ಲ, ನೆಪ. ಈ ಒಂದು ನಿಯಮ ಬರುವ ಮುಂಚೆ ನಮ್ಮ ಗುಂಪಿನಲ್ಲಿ ಎಲ್ಲರ ರಜೆಯೂ ಮಳೆ ಬಂದ ದಿನವೇ ಬೀಳುತ್ತಿತ್ತು! ತಪ್ಪಿದ ದಿನ ತಪ್ಪಿದ ದಿನವೇ. ಅದರಿಂದ ಆಕಾಶವೇನೂ ಬೀಳುವುದಿಲ್ಲ. ವಾರದ ಆರು ದಿನದಲ್ಲಿ ಐದು ಆದರೆ ಸಾಕು ಅಂತ ಮೊದಲೇ ಇದೆಯಲ್ಲ.

ತೆಗೆದುಕೊಳ್ಳದ ರಜೆ ಮುಂದಿನ ವಾರಕ್ಕೆ ಸೇರುವುದಿಲ್ಲ. ನಾಲ್ಕು ವಾರದ ರಜೆ ಕೂಡಿಸಿ ಊರಿಗೆ ಹೋಗುತ್ತೇನೆ ಅಂತ ಕೇಳಿದವರಿದ್ದಾರೆ. ಊರಿಗೆ ಹೋಗಿ ಬನ್ನಿ, ಆ ದಿನಗಳಿಗೆ ಲೆಕ್ಕವನ್ನೇ ನಿಲ್ಲಿಸಿ. ರಜೆ ಬೇರೆ, ಗೈರು ಬೇರೆ.

ನಡಿಗೆಗೆ ನಿಜವಾಗಿ ರಜೆ ಬೇಕಾ? ಜಿಮ್ ಏನಲ್ಲವಲ್ಲ.

ನಿಜ ಹೇಳಬೇಕೆಂದರೆ, ಅಭ್ಯಾಸ ಇರುವವರಿಗೆ ಸಾಧಾರಣ ನಡಿಗೆಯಿಂದ ದಿನ ಬಿಟ್ಟು ಸುಧಾರಿಸಿಕೊಳ್ಳುವಷ್ಟು ದಣಿವೇನೂ ಆಗುವುದಿಲ್ಲ. ನಮ್ಮಲ್ಲಿ ಒಬ್ಬರು ಇಪ್ಪತ್ತು ವರ್ಷದಿಂದ ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ. ಅವರಿಗೆ ರಜೆ ಅಂದರೆ ನಗು ಬರುತ್ತದೆ.

ರಜೆ ಬೇಕಾದದ್ದು ಹೊಸದಾಗಿ ಹೆಜ್ಜೆ ಏರಿಸುತ್ತಿರುವವರಿಗೆ. ಉಸಿರು ಬೇಗ ಒಗ್ಗಿಕೊಳ್ಳುತ್ತದೆ, ಮೀನಖಂಡವೂ ಒಗ್ಗುತ್ತದೆ. ಅಂಗಾಲಿನ ನಾರು, ಹಿಮ್ಮಡಿ, ಮೊಣಕಾಲಿನ ಕೆಳಗಿನ ಮೂಳೆಯ ಅಂಚು ನಿಧಾನ. ಮೂರನೇ ವಾರ “ಆರಾಮಾಗಿದೆ” ಅಂತ ಒಂದೇ ಸಲಕ್ಕೆ ಏರಿಸಿದವರಿಗೆ ನೋವು ಬರುವುದು ಅಲ್ಲೇ. ಇನ್ನೊಂದು ಕಾರಣ ತಲೆಯದ್ದು. ನಲವತ್ತು ದಿನ ಸತತವಾಗಿ ಗುರಿ ಮುಟ್ಟಿದವರು ನಲವತ್ತೊಂದನೇ ದಿನ ಜ್ವರದಲ್ಲೂ ಹಾಲ್‌ನಲ್ಲಿ ಸುತ್ತಿದ್ದನ್ನು ನೋಡಿದ್ದೇನೆ, ಆ ಸರಪಳಿ ಕಡಿಯಬಾರದು ಅಂತ. ವಾರವಾರವೂ ನಾವೇ ಅದನ್ನು ಕಡಿದರೆ ಆ ಹೆದರಿಕೆ ಹುಟ್ಟುವುದಿಲ್ಲ.

ನೋವಿದ್ದರೆ?

ಬೆಳಿಗ್ಗೆ ಎದ್ದ ತಕ್ಷಣದ ಮೊದಲ ನಾಲ್ಕು ಹೆಜ್ಜೆಗೆ ಹಿಮ್ಮಡಿ ಚುಚ್ಚಿ, ಓಡಾಡಿದ ಮೇಲೆ ಕಡಿಮೆಯಾದರೆ ಅಂಗಾಲಿನ ನಾರು ಕೆರಳಿದೆ ಅಂತ ಸಾಮಾನ್ಯವಾಗಿ ಅರ್ಥ. ಅಂಥವರ ಗುರಿಯನ್ನು ಅರ್ಧಕ್ಕೆ ಇಳಿಸುತ್ತೇವೆ, ತಿವಿತ ನಿಲ್ಲಿಸುತ್ತೇವೆ. ಮನೆಯಲ್ಲಿ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡದೆ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಬೇಕು. ಎರಡು ವಾರಕ್ಕೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ನಡೆಯುತ್ತಾ ಹೋದಂತೆ ನೋವು ಏರುತ್ತಿದ್ದರೆ, ಅಥವಾ ಬೆರಳಿಟ್ಟರೆ ಮೂಳೆಯ ಒಂದೇ ಜಾಗದಲ್ಲಿ ನೋವಿದ್ದರೆ ಎರಡು ವಾರ ಕಾಯಬೇಡಿ.

ನಡೆಯುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ, ಎಂದೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಅದಕ್ಕೆ ನಮ್ಮ ಯಾವ ನಿಯಮವೂ ಲಾಗೂ ಆಗುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ನಡಿಗೆ ಹೆಚ್ಚಿಸುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಜೇಬಿನಲ್ಲಿ ಸ್ವಲ್ಪ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲಿ.

ಜ್ವರ ಬಂದು ಐದು ದಿನ ಬಿಟ್ಟೆ. ಎಲ್ಲಿಂದ ಶುರು ಮಾಡಲಿ?

ಮೂರು ದಿನಕ್ಕಿಂತ ಜಾಸ್ತಿ ಬಿಟ್ಟಿದ್ದರೆ ಅರ್ಧ ಗುರಿಯಿಂದ. ಎರಡು ದಿನ ಅರ್ಧ, ಆಮೇಲೆ ಎರಡು ದಿನ ಮುಕ್ಕಾಲು, ಐದನೇ ದಿನ ಪೂರ್ತಿ. ಸುಸ್ತು ಇದ್ದರೆ ಇನ್ನೂ ನಿಧಾನ ಮಾಡಿ, ಅವಸರ ಏನಿಲ್ಲ.

ನಾನು ಇಡೀ ದಿನ ಮನೆಯಲ್ಲಿ ಓಡಾಡ್ತೀನಿ, ಫೋನು ಮಾತ್ರ 1,200 ತೋರಿಸುತ್ತೆ!

ಫೋನು ಎಲ್ಲಿತ್ತು? ಹತ್ತರಲ್ಲಿ ಎಂಟು ಸಲ ಉತ್ತರ ಒಂದೇ: ಚಾರ್ಜಿಗೆ, ಫ್ರಿಜ್ ಮೇಲೆ. ಫೋನಿನೊಳಗೆ ಅಲುಗಾಟ ಅಳೆಯುವ ಒಂದು ಚಿಕ್ಕ ಭಾಗ ಇದೆ. ಆ ಅಲುಗಾಟ ನಡಿಗೆಯ ಲಯಕ್ಕೆ ಹೊಂದಿದರೆ ಹೆಜ್ಜೆ ಅಂತ ಎಣಿಸುತ್ತದೆ. ಫ್ರಿಜ್ ನಡೆಯುವುದಿಲ್ಲ. ಸೀರೆಗೂ ನೈಟಿಗೂ ಜೇಬಿಲ್ಲ ಅನ್ನುವುದು ಈ ಆ್ಯಪ್ ಮಾಡಿದವರಿಗೆ ಹೊಳೆದೇ ಇರಲಿಕ್ಕಿಲ್ಲ. ಅತ್ತಿಗೆ ಉಳಿದ ಬ್ಲೌಸ್ ಪೀಸ್‌ಗಳಲ್ಲಿ ಸೊಂಟಕ್ಕೆ ಕಟ್ಟುವ ಚೀಲ ಹೊಲಿದರು. ಈಗ ಗುಂಪಿನ ಐದು ಹೆಂಗಸರ ಹತ್ತಿರ ಇದೆ. ಚೀಲ ಕಟ್ಟಿಕೊಂಡ ಮೊದಲ ದಿನವೇ ಒಬ್ಬರ ಅಂಕಿ ಎರಡರಷ್ಟಾಯಿತು. ಅದಕ್ಕೇ ಹೇಳುವುದು, ಫೋನು ಇಡುವ ಜಾಗ ಬದಲಾಯಿಸಿದರೆ ಹದಿನಾಲ್ಕು ದಿನದ ಲೆಕ್ಕವನ್ನು ಹೊಸದಾಗಿ ಮಾಡಿ. ಇಲ್ಲವಾದರೆ ನೀವು ಒಂದು ಹೆಜ್ಜೆಯೂ ಜಾಸ್ತಿ ನಡೆಯದೆ ಗುರಿ ಮುಟ್ಟುತ್ತೀರಿ.

ಕೈಗೆ ಕಟ್ಟುವ ಬ್ಯಾಂಡ್‌ಗೆ ಬೇರೆ ರೋಗ. ಕೈ ಬೀಸದಿದ್ದರೆ ಅದಕ್ಕೆ ನಡಿಗೆ ಕಾಣಿಸುವುದಿಲ್ಲ. ಎರಡೂ ಕೈಯಲ್ಲಿ ಚೀಲ ಹಿಡಿದು ದೇವರಾಜ ಮಾರ್ಕೆಟ್ ಸುತ್ತಿದ್ದು, ಮಗುವಿನ ಗಾಡಿ ತಳ್ಳಿದ್ದು ಅರ್ಧಂಬರ್ಧ ಲೆಕ್ಕ. ಕಾಯಿ ತುರಿದದ್ದು ಕೆಲವು ಸಲ ಹೆಜ್ಜೆ!

ನನ್ನ ಫೋನಿನ ಅಂಕಿ ನಂಬಬಹುದಾ ಅಂತ ಹೇಗೆ ತಿಳಿಯುವುದು?

ನೂರು ಹೆಜ್ಜೆ ಬಾಯಲ್ಲಿ ಎಣಿಸಿ ನಡೆಯಿರಿ. ಮುಂಚಿನ ಅಂಕಿ ಬರೆದುಕೊಂಡಿರಿ. ನಿಂತ ಮೇಲೆ ಒಂದು ನಿಮಿಷ ಬಿಟ್ಟು ನೋಡಿ, ಯಾಕೆಂದರೆ ಅಂಕಿ ತೆರೆಗೆ ಬರುವುದು ಸ್ವಲ್ಪ ತಡ. ಮೂರು ಸಲ ಮಾಡಿ. 95ರಿಂದ 105ರ ಒಳಗೆ ಬಂದರೆ ಚೆನ್ನಾಗಿದೆ. ಪ್ರತಿಸಲ 80 ಬಂದರೂ ತೊಂದರೆ ಇಲ್ಲ, ನಿಮ್ಮ ಗುರಿಯೂ ಅದೇ ಅಳತೆಯಿಂದ ಬಂದದ್ದಲ್ಲವೇ. ಒಂದು ಸಲ 60, ಒಂದು ಸಲ 110 ಬಂದರೆ ಮಾತ್ರ ಜಾಗ ಬದಲಿಸಿ ನೋಡಿ. ತೀರಾ ನಿಧಾನ, ಕಾಲು ಎಳೆದುಕೊಂಡು ನಡೆಯುವ ಹಿರಿಯರಲ್ಲಿ ಹೀಗೆ ಆಗುತ್ತದೆ. ಅವರಿಗೆ ಹೆಜ್ಜೆಯ ಬದಲು ನಿಮಿಷವನ್ನೇ ಗುರಿ ಮಾಡಿ.

ಸ್ಕೂಟರ್ ಪರೀಕ್ಷೆಯೂ ಒಂದು ಸಲ ಮಾಡಿ. ಗುಂಡಿ ಬಿದ್ದ ರಸ್ತೆಯಲ್ಲಿ ಆಫೀಸಿಗೆ ಹೋಗಿ ಬಂದರೆ ಕೆಲವು ಫೋನುಗಳಲ್ಲಿ ಇನ್ನೂರು ಮುನ್ನೂರು ಹೆಜ್ಜೆ ಪುಕ್ಕಟೆ ಸಿಗುತ್ತದೆ.

ಚಾಮುಂಡಿ ಬೆಟ್ಟ ಮೆಟ್ಟಿಲಲ್ಲಿ ಹತ್ತಿದೆ. ಪ್ರಾಣ ಹೋಯ್ತು, ಲೆಕ್ಕ ಮಾತ್ರ ಅಷ್ಟೇ!

ಸಾವಿರ ಮೆಟ್ಟಿಲು ಅಂದರೆ ಯಂತ್ರಕ್ಕೆ ಸಾವಿರ ಹೆಜ್ಜೆ, ಜೊತೆಗೆ ಅಲ್ಲಿ ಇಲ್ಲಿ ನಡೆದದ್ದು. ಹತ್ತಿದ್ದೋ, ಸಮತಟ್ಟಿನಲ್ಲಿ ನಡೆದದ್ದೋ ಅದಕ್ಕೆ ಒಂದೇ. ಶ್ರಮ ಎಷ್ಟೋ ಪಾಲು ಜಾಸ್ತಿ ಅನ್ನುವುದು ನಿಮ್ಮ ತೊಡೆಗೆ ಗೊತ್ತು. ಇಳಿಯುವಾಗ ಮಂಡಿಗೂ ಗೊತ್ತಾಗುತ್ತದೆ. ಬೆಟ್ಟ ಹತ್ತಿದ ದಿನವನ್ನು ನಾವು ಅಂಕಿ ನೋಡದೆ ಮುಟ್ಟಿದ ದಿನ ಅಂತ ಬರೆಯುತ್ತೇವೆ. ಮಾರನೇ ದಿನ ರಜೆ ತೆಗೆದುಕೊಳ್ಳುವುದು ಒಳ್ಳೆಯದು.

ಏಪ್ರಿಲ್ ಬಿಸಿಲಲ್ಲಿ 3:30ಕ್ಕೆ ತಿವಿದರೆ ಹೊರಗೆ ಹೋಗೋದು ಹೇಗೆ?

ಹೋಗಬೇಡಿ. ಬೇಸಿಗೆಯಲ್ಲಿ ಆ ಹೊತ್ತಿನ ತಿವಿತ ಮನೆಯೊಳಗೇ. ಅಡುಗೆಮನೆಯಿಂದ ಬಾಗಿಲವರೆಗೆ ಹೋಗಿ ಬಂದರೆ ನಮ್ಮ ಮನೆಯಲ್ಲಿ 34 ಹೆಜ್ಜೆ. ಇಪ್ಪತ್ತು ಸಲ ಅಂದರೆ ಸುಮಾರು ಏಳುನೂರು. ಫೋನಲ್ಲಿ ಮಾತಾಡುತ್ತಾ ಮಾಡಿದರೆ ಗೊತ್ತೇ ಆಗುವುದಿಲ್ಲ. ನಮ್ಮ ಅಕ್ಕ ದಿನಾ ನಾಲ್ಕಕ್ಕೆ ಸರಿಯಾಗಿ ಫೋನ್ ಮಾಡುತ್ತಾಳೆ, ನನ್ನ ಮಧ್ಯಾಹ್ನದ ಬಾಕಿ ಅವಳ ಮಾತಿನಲ್ಲೇ ತೀರುತ್ತದೆ.

ಆ್ಯಪ್‌ನ ರಿಮೈಂಡರ್ ಒಂದೊಂದು ದಿನ ಬರುವುದೇ ಇಲ್ಲ. ಏನು ಮಾಡಲಿ?

ಬ್ಯಾಟರಿ ಉಳಿಸಲು ಫೋನು ಹಿಂದೆ ಓಡುವ ಆ್ಯಪ್‌ಗಳನ್ನು ಮಲಗಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಬಹುದು, ಆದರೆ ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಕಡೆ ಇರುತ್ತದೆ. ನಾವು ಆ ತಲೆನೋವೇ ಬೇಡ ಅಂತ ಗಡಿಯಾರದ ಮಾಮೂಲಿ ಅಲಾರಂ ಇಟ್ಟಿದ್ದೇವೆ. ಮೂರು ಅಲಾರಂ, ಪ್ರತಿಯೊಂದರ ಹೆಸರಿನಲ್ಲಿ ಆ ಹೊತ್ತಿಗೆ ಆಗಿರಬೇಕಾದ ಅಂಕಿ: “10:30 – 2400”. ಅಲಾರಂ ಹೊಡೆದಾಗ ಹೋಲಿಸಲು ಬೇರೆಲ್ಲೂ ನೋಡಬೇಕಿಲ್ಲ. ರಜೆಯ ದಿನವನ್ನು ಅಲಾರಂನ ದಿನಗಳಲ್ಲಿ ಆರಿಸದೆ ಬಿಟ್ಟರಾಯಿತು.

ಫೋನು ಆಫ್ ಆಗಿ ಆನ್ ಆದ ದಿನ ಅಂಕಿ ವಿಚಿತ್ರವಾಗಿ ಕಂಡರೆ ಗಾಬರಿ ಬೇಡ. ಆಂಡ್ರಾಯ್ಡ್ ಫೋನಿನ ಹೆಜ್ಜೆ ಎಣಿಕೆ ಪ್ರತಿಸಲ ಆನ್ ಆದಾಗ ಸೊನ್ನೆಯಿಂದ ಶುರುವಾಗುತ್ತದೆ. ಒಳ್ಳೆಯ ಆ್ಯಪ್ ಹಳೆಯದನ್ನು ಕೂಡಿಸಿ ತೋರಿಸುತ್ತದೆ, ಕೆಲವು ಮರೆಯುತ್ತವೆ. ಅಂಥ ದಿನ ಅಂದಾಜಿನಲ್ಲಿ ಬರೆದುಕೊಳ್ಳಿ.

ಗುಂಪಿಲ್ಲದೆ ಒಬ್ಬನೇ ಮಾಡಬಹುದಾ?

ಮಾಡಬಹುದು. ಹದಿನಾಲ್ಕು ದಿನದ ಅಂಕಿ, ಮೂರು ಅಲಾರಂ, ಒಂದು ಕ್ಯಾಲೆಂಡರ್ ಸಾಕು. ನಮ್ಮ ಮನೆಯಲ್ಲಿ ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರೇ ಕೋಷ್ಟಕ. ಮುಟ್ಟಿದ ದಿನಕ್ಕೆ ಒಂದು ಚುಕ್ಕೆ, ರಜೆಗೆ ‘ರ’, ತಪ್ಪಿದ್ದಕ್ಕೆ ಖಾಲಿ. ಹಾಲಿನ ಲೆಕ್ಕವೂ ಅದರಲ್ಲೇ ಇರುವುದರಿಂದ ಚುಕ್ಕೆಯನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಹಾಕಿ. ಒಂದು ತಿಂಗಳು ನಾನು ನೀಲಿಯಲ್ಲಿ ಹಾಕಿ, ಹಾಲಿನವನಿಗೆ ಹನ್ನೆರಡು ಲೀಟರ್ ಜಾಸ್ತಿ ದುಡ್ಡು ಕೊಟ್ಟೆ.